ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವ ಮುನ್ನ ಒಂದು ಲೆಕ್ಕ

‘ತಿಂಗಳಿಗೆ 25 ಸಾವಿರ ಬಾಡಿಗೆ ಗ್ಯಾರಂಟಿ ಸಾರ್, ನಾಲ್ಕು ಪರ್ಸೆಂಟ್ ಬಿತ್ತು ನೋಡಿ’ ಎನ್ನುತ್ತಾನೆ ಬ್ರೋಕರ್. ಬೆಂಗಳೂರಿನಲ್ಲಿ 75 ಲಕ್ಷ ಬೆಲೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದುಕೊಳ್ಳಿ. ವರ್ಷದ ಬಾಡಿಗೆ ಮೂರು ಲಕ್ಷ. ಅದನ್ನು ಬೆಲೆಯಿಂದ ಭಾಗಿಸಿದರೆ ಶೇ. 4. ಇದೇ ಗ್ರಾಸ್ ಯೀಲ್ಡ್. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಎರಡೂ ಕಡೆ ಕೆಲವು ಬಾಬ್ತು ಬಿಟ್ಟುಹೋಗಿವೆ.

ಮೊದಲು ಹಾಕುವ ಹಣ. ಸ್ಟಾಂಪ್ ಡ್ಯೂಟಿ, ಸೆಸ್, ನೋಂದಣಿ ಶುಲ್ಕ ಎಲ್ಲ ಸೇರಿ ಶೇ. 7.6ರಂತೆ 5.7 ಲಕ್ಷ. ವಾರ್ಡ್‌ರೋಬ್, ಅಡುಗೆಮನೆಯ ಮರಗೆಲಸ, ಫ್ಯಾನು, ಗೀಸರ್‌ಗೆ 4.3 ಲಕ್ಷ. ಅಲ್ಲಿಗೆ ಕೈಬಿಟ್ಟದ್ದು 85 ಲಕ್ಷ. ನಾಲ್ಕು ಪರ್ಸೆಂಟು ಇಲ್ಲೇ ಮೂರೂವರೆಗೆ ಇಳಿಯಿತು.

ಇನ್ನು ಮನೆ ಖಾಲಿ ಬೀಳುವ ಕಾಲ. ಕರಾರು ಹನ್ನೊಂದು ತಿಂಗಳದ್ದಾದರೂ ಬಾಡಿಗೆದಾರ ಎರಡು ವರ್ಷ ಇದ್ದ ಎನ್ನೋಣ. ಅವನು ಹೋದ ಮೇಲೆ ಪೇಂಟಿಂಗ್, ನಲ್ಲಿ ರಿಪೇರಿ, ಹೊಸಬರ ಹುಡುಕಾಟ ಎಂದು ಎರಡು ತಿಂಗಳು ಹೋದರೆ ಸರಾಸರಿ ವರ್ಷಕ್ಕೊಂದು ತಿಂಗಳ ಬಾಡಿಗೆ ಖೋತಾ. ಕೈಗೆ ಬರುವುದು 2.75 ಲಕ್ಷ. ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಇದೆ. ಅದರಿಂದ ಬಣ್ಣದ ಖರ್ಚು ಹುಟ್ಟಬಹುದು, ಖಾಲಿ ಬಿದ್ದ ತಿಂಗಳು ಹುಟ್ಟುವುದಿಲ್ಲ. ಅಡ್ವಾನ್ಸ್ ಅಂತೂ ಹಿಂದಿರುಗಿಸಬೇಕಾದ ಹಣ, ಆದಾಯಕ್ಕೆ ಸೇರಿಸಬೇಡಿ.

ಆ ಒಂದು ತಿಂಗಳು ಸಾಕೇ ಎಂಬುದು ಕಟ್ಟಡವನ್ನೇ ಅವಲಂಬಿಸಿದೆ. ರಾತ್ರಿ ಎಂಟರ ಹೊತ್ತಿಗೆ ಹೋಗಿ ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿಲ್ಲ ನೋಡಿ. ಸೆಕ್ಯುರಿಟಿಯವರನ್ನು ‘ಬಾಡಿಗೆಗೆ ಯಾವ ಮನೆ ಇದೆ, ಯಾವಾಗಿಂದ ಖಾಲಿ?’ ಎಂದು ಕೇಳಿ. ಬಾಡಿಗೆದಾರರೆಲ್ಲ ಪಕ್ಕದ ಒಂದೇ ಕಂಪನಿಯ ನೌಕರರಾಗಿದ್ದರೆ ಎರಡು ತಿಂಗಳು ಹಿಡಿಯುವುದೇ ಕ್ಷೇಮ. ಆ ಕಚೇರಿ ಬೇರೆಡೆ ಹೋದರೆ ಇಡೀ ಬ್ಲಾಕ್ ಒಟ್ಟಿಗೇ ಖಾಲಿಯಾಗುತ್ತದೆ.

ಉಳಿದದ್ದು ವರ್ಷದ ಖರ್ಚು. ಬಾಡಿಗೆಯಲ್ಲೇ ಮೇಂಟೆನೆನ್ಸ್ ಸೇರಿದ್ದರೆ ತಿಂಗಳಿಗೆ 3,500ರಂತೆ 42 ಸಾವಿರ; ಮನೆ ಖಾಲಿಯಿದ್ದರೂ ಅಸೋಸಿಯೇಷನ್ ಬಿಡುವುದಿಲ್ಲ. ಆಸ್ತಿ ತೆರಿಗೆ 8 ಸಾವಿರ, ರಿಪೇರಿ 15 ಸಾವಿರ, ಎರಡು ವರ್ಷಕ್ಕೊಮ್ಮೆ ಕೊಡುವ ಒಂದು ತಿಂಗಳ ಕಮಿಷನ್ನಿನ ಅರ್ಧ 12,500. ಇಷ್ಟೂ ಕಳೆದರೆ 1,97,500. ಅದನ್ನು 85 ಲಕ್ಷದಿಂದ ಭಾಗಿಸಿದರೆ ನೆಟ್ ಯೀಲ್ಡ್ ಶೇ. 2.3. ಸಾಲದ ಬಡ್ಡಿಯೂ ಆದಾಯ ತೆರಿಗೆಯೂ ಇದರಲ್ಲಿಲ್ಲ. ಫ್ಲ್ಯಾಟಿನ ಬೆಲೆ ಏರಬಹುದೆಂಬ ನಿರೀಕ್ಷೆಯನ್ನೂ ಇಲ್ಲಿ ಬೆರೆಸಬಾರದು.

ಇದೇ ಲೆಕ್ಕವನ್ನು ತಿರುಗಿಸಿದರೆ ಚೌಕಾಸಿಗೆ ಒದಗುತ್ತದೆ. ಕನಿಷ್ಠ ಶೇ. 3 ನೆಟ್ ಬೇಕೆಂದರೆ ಹಾಕುವ ಒಟ್ಟು ಹಣ 65.8 ಲಕ್ಷ ದಾಟಬಾರದು. ಮರಗೆಲಸ, ನೋಂದಣಿ ಖರ್ಚು ಕಳೆದರೆ ಮಾರುವವರಿಗೆ ನೀವು ಹೇಳಬಹುದಾದ ಬೆಲೆ ಸುಮಾರು 57 ಲಕ್ಷ.