ಆಲ್ಬಮ್‌ಗೆ ‘ಓಕೆ’ ಹೇಳುವ ಮುಂಚೆ

ಮದುವೆ ಮುಗಿದು ಒಂದೆರಡು ತಿಂಗಳಾಗಿರುತ್ತದೆ. ಸ್ಟುಡಿಯೋದಿಂದ ವಾಟ್ಸಾಪ್‌ನಲ್ಲಿ ಹೀಗೊಂದು ಸಂದೇಶ ಬರುತ್ತದೆ: “ಮೇಡಂ, ನಮಸ್ಕಾರ. ಆಲ್ಬಮ್ ಡಿಸೈನ್‌ನ ಮೊದಲ ಪ್ರೂಫ್ ಕಳಿಸಿದ್ದೇವೆ, ಒಟ್ಟು 35 ಶೀಟ್. ಕರೆಕ್ಷನ್ ಇದ್ದರೆ ಶೀಟ್ ನಂಬರ್ ಹಾಕಿ ಎಲ್ಲಾ ಒಟ್ಟಿಗೆ ಬರೆದು ಕಳಿಸಿ. ಎರಡು ರೌಂಡ್ ಕರೆಕ್ಷನ್ ಪ್ಯಾಕೇಜ್‌ನಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಚಾರ್ಜ್. ನೀವು ಅಪ್ರೂವ್ ಮಾಡಿದ ಮೇಲೆ ಪ್ರಿಂಟ್‌ಗೆ ಹೋಗುತ್ತೆ. ಆಮೇಲೆ ಬದಲಾಯಿಸೋಕೆ ಆಗಲ್ಲ.”

ಹೆಚ್ಚಿನವರು ಇದನ್ನು ಪೂರ್ತಿ ಓದುವುದಿಲ್ಲ. ಫೋಟೋಗಳನ್ನು ಸರಸರನೆ ಸರಿಸಿ ನೋಡಿ, ‘ಸೂಪರ್’ ಅಂತ ಉತ್ತರ ಹಾಕಿ, ಫ್ಯಾಮಿಲಿ ಗ್ರೂಪ್‌ಗೆ ಕಳಿಸಿಬಿಡುತ್ತಾರೆ. ಆ ಸಂದೇಶದ ಕೊನೆಯ ಸಾಲು ಬರೀ ಬೆದರಿಕೆಯ ಹಾಗೆ ಕೇಳಿಸಿದರೂ ಅದಕ್ಕೊಂದು ಗಟ್ಟಿ ಕಾರಣವಿದೆ. ಅದು ಇರುವುದು ಆಲ್ಬಮ್ಮಿನ ಬೈಂಡಿಂಗ್‌ನಲ್ಲಿ.

ಈಗಿನ ಮದುವೆ ಆಲ್ಬಮ್‌ಗಳಲ್ಲಿ ಪುಟ ತೆರೆದರೆ ಹಾಸಿಟ್ಟಂತೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. 12 ಇಂಚು ಎತ್ತರ, 36 ಇಂಚು ಅಗಲದ ಒಂದೇ ಹಾಳೆಯನ್ನು ಪ್ರಿಂಟ್ ಮಾಡಿ, ನಡುವೆ ಮಡಿಸಿ, ಅದರ ಬೆನ್ನಿಗೆ ಮುಂದಿನ ಹಾಳೆಯ ಬೆನ್ನು ಅಂಟಿಸಿ, ಹೀಗೆ ಸಾಲಾಗಿ ಸೇರಿಸುತ್ತಾರೆ. ಆಮೇಲೆ ಒತ್ತಿ, ಅಂಚು ಕತ್ತರಿಸಿ, ರಟ್ಟು ಕೂರಿಸುತ್ತಾರೆ. 14ನೇ ಶೀಟ್ ತಪ್ಪಾಗಿದೆ ಎಂದು ಅದೊಂದನ್ನೇ ಕಿತ್ತರೆ 13 ಮತ್ತು 15ರ ಬೆನ್ನೂ ಹರಿದು ಬರುತ್ತದೆ. ಅಂದರೆ ಒಂದು ಹೆಸರಿನ ಕಾಗುಣಿತ ತಿದ್ದಲು ಇಡೀ ಆಲ್ಬಮ್ ಹೊಸದಾಗಿ ಪ್ರಿಂಟ್ ಆಗಬೇಕು. ಪ್ರೂಫ್ ಹಂತದಲ್ಲಾದರೆ ಅದೇ ಕೆಲಸ ಡಿಸೈನರ್‌ಗೆ ಎರಡು ನಿಮಿಷದ್ದು.

ಹಾಗಾದರೆ ಪ್ರೂಫ್‌ನಲ್ಲಿ ನೋಡಬೇಕಾದ್ದೇನು? ಒಂದು ಉದಾಹರಣೆ ಹಿಡಿದು ನೋಡೋಣ. ಮೇಲಿನ ಸಂದೇಶ ಬಂದ ಮನೆಯಲ್ಲಿ ಮದುಮಗಳ ಅಕ್ಕ ಪೆನ್ನು ಕಾಗದ ಹಿಡಿದು ಕೂತರು ಎಂದುಕೊಳ್ಳಿ. ಅವರು ಮೊದಲು ನೋಡಿದ್ದು ಚಂದವನ್ನಲ್ಲ, ಕ್ರಮವನ್ನು. ಕಾಶಿಯಾತ್ರೆಯ ಶೀಟು ಧಾರೆಯ ನಂತರ ಬಂದಿತ್ತು. ಬೇರೆ ಬೇರೆ ಕ್ಯಾಮೆರಾದ ಫೋಟೋಗಳನ್ನು ಸೇರಿಸುವಾಗ, ಒಂದು ಕ್ಯಾಮೆರಾದ ಗಡಿಯಾರ ಹಿಂದೆಮುಂದೆ ಇದ್ದರೆ ಹೀಗಾಗುವುದು ಮಾಮೂಲು. ಶಾಸ್ತ್ರಗಳ ಕ್ರಮ ಮನೆಯವರಿಗೆ ಗೊತ್ತು, ಡಿಸೈನರ್‌ಗೆ ಗೊತ್ತಿರಬೇಕೆಂದೇನಿಲ್ಲ. ಅವನು ಆ ಮದುವೆಗೆ ಬಂದೇ ಇರುವುದಿಲ್ಲ.

ಆಮೇಲೆ ಜನ. ಯಾರು ಬಿಟ್ಟುಹೋಗಿದ್ದಾರೆ? ಸೋದರಮಾವನ ಫೋಟೋ ಎಲ್ಲೂ ಇಲ್ಲ. ಅವರು ಸೆಲೆಕ್ಷನ್ ಫೋಲ್ಡರ್ ತೆಗೆದು DSC_4127 ಅನ್ನು 22ನೇ ಶೀಟಿಗೆ ಸೇರಿಸಿ ಎಂದು ನಂಬರ್ ಸಮೇತ ಬರೆದರು. ‘ಮಾವನ ಒಳ್ಳೆ ಫೋಟೋ ಒಂದು ಹಾಕಿ’ ಎಂದು ಬರೆದಿದ್ದರೆ ಡಿಸೈನರ್ ಯಾವ ಮಾವನನ್ನು ಹುಡುಕಬೇಕು? ಒಂದು ಕರೆಕ್ಷನ್ ರೌಂಡ್ ವ್ಯರ್ಥವಾಗುವುದು ಹೆಚ್ಚಾಗಿ ಇಂಥ ವಾಕ್ಯಗಳಿಂದಲೇ.

ಮೂರನೆಯದು ಮಡಿಕೆ. 14ನೇ ಶೀಟಿನಲ್ಲಿ ಮಾಂಗಲ್ಯಧಾರಣೆಯ ಫೋಟೋವನ್ನು 36 ಇಂಚಿನುದ್ದಕ್ಕೂ ಹರಡಿದ್ದರು. ಮೊಬೈಲ್‌ನಲ್ಲಿ ಭರ್ಜರಿಯಾಗಿ ಕಾಣುತ್ತಿತ್ತು. ಆದರೆ ಶೀಟಿನ ನಡುಗೆರೆ ಮದುಮಗಳ ಮೂಗಿನ ಮೇಲೇ ಹಾದುಹೋಗುತ್ತಿತ್ತು. ಸ್ಕ್ರೀನ್‌ನಲ್ಲಿ ಮಡಿಕೆ ಇಲ್ಲವಲ್ಲ, ಹಾಗಾಗಿ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಶೀಟಿನ ನಟ್ಟನಡುವೆ ಒಂದು ಕಡ್ಡಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅಂಚುಗಳದ್ದೂ ಇದೇ ಕಥೆ: ಬೈಂಡಿಂಗ್ ಆದಮೇಲೆ ಸುತ್ತಲೂ ಸ್ವಲ್ಪ ಕತ್ತರಿಸುತ್ತಾರೆ, ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರ ಭುಜವೋ ಕೆಳಗಿನ ಹೆಸರೋ ಅಂಚಿಗೆ ತಾಗುತ್ತಿದ್ದರೆ ಒಳಕ್ಕೆ ಸರಿಸಲು ಹೇಳಬೇಕು.

ಪ್ರೂಫ್‌ನಲ್ಲಿ ನೋಡಿ ತೀರ್ಮಾನಿಸಲಾಗದ ಸಂಗತಿಗಳೂ ಇವೆ. ‘ಫೋಟೋ ಎಲ್ಲಾ ಬ್ಲರ್ ಆಗಿದೆ’ ಎನ್ನುವುದು ಸ್ಟುಡಿಯೋದವರು ದಿನಾ ಕೇಳುವ ದೂರು. ಪ್ರಿಂಟ್‌ಗೆ ಹೋಗುವ ಫೈಲು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 10,800 ಪಿಕ್ಸೆಲ್ ಅಗಲವಿರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಸುಮಾರು 1,600ಕ್ಕೆ ಇಳಿಯುತ್ತದೆ. ಅದನ್ನು ಬೆರಳಲ್ಲಿ ಹಿಗ್ಗಿಸಿದರೆ ಮಸುಕಾಗದೆ ಇನ್ನೇನಾಗುತ್ತದೆ! ಅನುಮಾನವಿದ್ದರೆ ಆ ಒಂದು ಶೀಟನ್ನು ಪೂರ್ತಿ ಅಳತೆಯಲ್ಲಿ ಡಾಕ್ಯುಮೆಂಟ್ ಆಗಿ ಕೇಳಿ ತರಿಸಿಕೊಳ್ಳಬಹುದು. ಇದೇ ಲೆಕ್ಕ ನಿಮ್ಮ ಕಡೆಯಿಂದಲೂ ಅನ್ವಯಿಸುತ್ತದೆ. ತೀರಿಕೊಂಡ ಅಜ್ಜಿಯ ಹಳೇ ಫೋಟೋ ಸೇರಿಸಿ ಎಂದು ವಾಟ್ಸಾಪ್‌ನಲ್ಲಿ ಕಳಿಸಿದರೆ, ಆ 1,600 ಪಿಕ್ಸೆಲ್ ಸಾಲುವುದು ಸುಮಾರು 5 ಇಂಚಿಗೆ ಮಾತ್ರ. ಅರ್ಧ ಪುಟಕ್ಕೆ ಹಿಗ್ಗಿಸಿದರೆ ಕಾಗದದ ಮೇಲೆ ನಿಜಕ್ಕೂ ಮಸುಕಾಗುತ್ತದೆ.

ಬಣ್ಣದ ವಿಷಯ ಇನ್ನೂ ನಾಜೂಕು. ಮೊಬೈಲ್ ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಆದ್ದರಿಂದ ಪ್ರಿಂಟ್ ಒಂದಿಷ್ಟು ಮಬ್ಬಾಗಿಯೇ ಕಾಣುತ್ತದೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಇಟ್ಟ ನೈಟ್ ಮೋಡ್‌ನಲ್ಲಿ ಪ್ರೂಫ್ ನೋಡಿ, ‘ಎಲ್ಲರ ಮುಖ ಹಳದಿ ಹಳದಿ’ ಎಂದು ಕರೆಕ್ಷನ್ ಬರೆದವರಿದ್ದಾರೆ. ಡಿಸೈನರ್ ಹಳದಿ ತೆಗೆದರೆ ಅರಿಶಿನ ಶಾಸ್ತ್ರದ ಅರಿಶಿನವೇ ಪೇಲವವಾಗುತ್ತದೆ. ನೈಟ್ ಮೋಡ್ ಆರಿಸಿ, ಬ್ರೈಟ್‌ನೆಸ್ ಅರ್ಧಕ್ಕಿಟ್ಟು, ಬೇರೆ ಇನ್ನೊಂದು ಫೋನಿನಲ್ಲೂ ನೋಡಿ ಆಮೇಲೆ ಬರೆಯುವುದು ಒಳ್ಳೆಯದು. ಧಾರೆ ಸೀರೆಯ ಬಣ್ಣದ ಬಗ್ಗೆ ಅಷ್ಟು ಕಾಳಜಿ ಇದ್ದರೆ ಆ ಒಂದು ಶೀಟಿನ ಟೆಸ್ಟ್ ಪ್ರಿಂಟ್‌ಗೆ ದುಡ್ಡು ಕೊಟ್ಟು ಕೇಳಿ. ಹೇಳಿ ಒಪ್ಪಿಸುವುದಕ್ಕಿಂತ ಅದು ಅಗ್ಗ.

ಅಕ್ಕನ ಪಟ್ಟಿ ಹೋಯಿತು, ಎರಡನೇ ಪ್ರೂಫ್ ಬಂತು. ಸಾಮಾನ್ಯವಾಗಿ ಗೋಜಲು ಶುರುವಾಗುವುದು ಇಲ್ಲಿ. ಮೊದಲ ರೌಂಡಿನಲ್ಲಿ ಸುಮ್ಮನಿದ್ದ ಬೀಗರಿಗೆ ಈಗ ಆರತಕ್ಷತೆಯ ಶೀಟುಗಳು ಕಮ್ಮಿ ಅನ್ನಿಸುತ್ತದೆ. ಅತ್ತೆಗೆ ಬೇಕಾದ ಫೋಟೋ ಸೊಸೆಗೆ ಬೇಡ. ಸ್ಟುಡಿಯೋಗೆ ಮೂರು ನಂಬರಿನಿಂದ ಮೂರು ಥರದ ಸಂದೇಶ. ಎರಡು ರೌಂಡಿನ ಮಿತಿ ಇರುವುದು ಡಿಸೈನರ್‌ನ ಸೋಮಾರಿತನಕ್ಕಲ್ಲ, ಈ ಜಗಳ ಮನೆಯೊಳಗೇ ಬಗೆಹರಿಯಲಿ ಎಂದು. ಎರಡೂ ಮನೆಯವರು ಮೊದಲ ಪ್ರೂಫನ್ನೇ ಕೂತು ನೋಡಿ, ಒಬ್ಬರ ಕೈಯಲ್ಲಿ ಪಟ್ಟಿ ಕೊಟ್ಟರೆ ಎರಡನೇ ರೌಂಡು ಬರೀ ತಾಳೆ ನೋಡುವ ಕೆಲಸ.

ಸ್ಟುಡಿಯೋ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆಂದು ನಾನು ಹೇಳುತ್ತಿಲ್ಲ. ನೀವು ಸರಿಯಾಗಿ ಬರೆದುಕೊಟ್ಟ ಹೆಸರನ್ನು ಅವರೇ ತಪ್ಪಾಗಿ ಹಾಕಿದ್ದರೆ, ಹೇಳಿದ ಕರೆಕ್ಷನ್ ಬಿಟ್ಟುಹೋಗಿದ್ದರೆ, ಅದನ್ನು ತಿದ್ದುವುದು ನಿಮ್ಮ ರೌಂಡಿನ ಲೆಕ್ಕಕ್ಕೆ ಬರಬಾರದು. ಇನ್ನು ಕೆಲವರು ‘ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಪ್ರೂವ್ ಆದಂತೆ’ ಎಂದು ಸೇರಿಸುತ್ತಾರೆ. ಇದು ನ್ಯಾಯವಲ್ಲ. ಉತ್ತರ ತಡವಾದರೆ ಡೆಲಿವರಿಯೂ ಅಷ್ಟು ದಿನ ಮುಂದಕ್ಕೆ ಹೋಗಲಿ. ಮೌನವನ್ನೇ ಒಪ್ಪಿಗೆ ಮಾಡಿಕೊಂಡು ಪ್ರಿಂಟ್ ಹಾಕುವುದು ಬೇಡ. ಅಡ್ವಾನ್ಸ್ ಕೊಡುವಾಗಲೇ ಈ ಎರಡನ್ನೂ ಮಾತಾಡಿಕೊಂಡರೆ ವಾಸಿ.

ಒಪ್ಪಿಗೆ ಕೊಡುವಾಗ ಹೆಬ್ಬೆರಳಿನ ಚಿತ್ರ ಸಾಲದು. ಒಂದೇ ಚಾಟ್‌ನಲ್ಲಿ Album_V1, Album_V2, Album_V3 ಮೂರೂ ಬಿದ್ದಿರುವಾಗ ಆ ಹೆಬ್ಬೆರಳು ಯಾವುದಕ್ಕೆ? “Album_V3, ಶೀಟ್ 1ರಿಂದ 35, ನೋಡಿದ್ದೇವೆ, ಪ್ರಿಂಟ್ ಮಾಡಬಹುದು” ಎಂದು ಪೂರ್ತಿ ಬರೆದರೆ ಮುಂದೆ ಹಳೇ ಫೈಲ್ ಪ್ರಿಂಟ್ ಆಗಿ ಬಂದರೂ ಖರ್ಚು ಯಾರದ್ದೆಂದು ವಾದಿಸಬೇಕಾಗಿಲ್ಲ. ಜೊತೆಗೇ ಇನ್ನೊಂದು ಸಾಲು: ವಾಟರ್‌ಮಾರ್ಕ್ ಇಲ್ಲದ, ಪೂರ್ತಿ ಅಳತೆಯ ಶೀಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಎಂದು ಕೇಳಿ. ಡೆಲಿವರಿಯಾದ ಎಷ್ಟೋ ದಿನದ ಮೇಲೆ ಜಾಗ ಸಾಲದೆ ಸ್ಟುಡಿಯೋದವರು ಹಳೇ ಕೆಲಸ ಅಳಿಸಿಬಿಡುತ್ತಾರೆ. ಬೀಗರ ಮನೆಗೆ ಇನ್ನೊಂದು ಪ್ರತಿ ಬೇಕಾದಾಗ ಪ್ರಿಂಟ್ ಹಾಕಿಸಲು ಆ ಫೈಲುಗಳೇ ಬೇಕು.