ಕೋಡಿ ಬಿದ್ದ ಕೆರೆಯ ಒಂದು ಗಂಟೆ

ಕೆರೆ ಕೋಡಿ ಬಿದ್ದರೆ ಊರಿಗೆ ಸಂಭ್ರಮ. ಹೆಂಗಸರು ಬಾಗಿನ ಬಿಡುತ್ತಾರೆ, ಹುಡುಗರು ಕೋಡಿಯ ಕೆಳಗೆ ಬಲೆ ಹಿಡಿದು ಮೀನಿಗೆ ಕಾಯುತ್ತಾರೆ. ಕೆರೆ ತುಂಬಿದ ಮೇಲೆ ಅದಕ್ಕೆ ಇನ್ನು ಹಿಡಿಯುವ ಶಕ್ತಿಯಿಲ್ಲ, ಮೇಲಿನಿಂದ ಬಂದಷ್ಟೂ ನೀರು ಹಾಗೇ ಕೆಳಕ್ಕೆ ಹೋಗುತ್ತದೆ ಎಂದು ಸಾಮಾನ್ಯವಾಗಿ ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ನಿಜವಲ್ಲ. ತುಂಬಿದ ಕೆರೆಯೂ ನೆರೆಯನ್ನು ತಡೆದು ನಿಲ್ಲಿಸುತ್ತದೆ. ಎಷ್ಟು ತಡೆಯುತ್ತದೆ ಎಂಬುದನ್ನು ಕೂಡಿಸಿ ಕಳೆಯಲು ಬರುವ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಎಂಜಿನಿಯರುಗಳು ಇದನ್ನು ಫ್ಲಡ್ ರೂಟಿಂಗ್ ಎನ್ನುತ್ತಾರೆ. ನೆರೆಯೊಂದು ಜಲಾಶಯದ ಒಳಗೆ ಹೊಕ್ಕು ಯಾವ ರೂಪದಲ್ಲಿ ಹೊರಬರುತ್ತದೆ ಎಂಬುದನ್ನು ಗಂಟೆ ಗಂಟೆಗೂ ಹಿಂಬಾಲಿಸುವ ಲೆಕ್ಕ ಅದು.

ಕೋಡಿ ಎಂದರೆ ಏರಿಯ ಒಂದು ತುದಿಯಲ್ಲಿ, ಏರಿಗಿಂತ ತಗ್ಗಾಗಿ ಕಟ್ಟಿದ ಕಲ್ಲಿನ ಗೋಡೆ. ಅದರ ಮೇಲೆ ನೀರು ಹರಿಯಬೇಕಾದರೆ ನೀರಿನ ಮಟ್ಟ ಗೋಡೆಯ ನೆತ್ತಿಗಿಂತ ಮೇಲೇರಬೇಕು. ಆದರೆ ನೀರು ಕೋಡಿಯ ಬಳಿ ಮಾತ್ರ ಏರುವುದಿಲ್ಲ, ಇಡೀ ಕೆರೆಯ ಮೈ ಒಟ್ಟಿಗೆ ಏರಬೇಕು. 40 ಹೆಕ್ಟೇರ್, ಅಂದರೆ ಸುಮಾರು ನೂರು ಎಕರೆ ಹರಡಿದ ಕೆರೆಯ ಮಟ್ಟ ಒಂದು ಸೆಂಟಿಮೀಟರ್ ಏರಲು 4,000 ಘನ ಮೀಟರ್ ನೀರು ಬೇಕು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಅದು ನಾನೂರು ಟ್ಯಾಂಕರ್. ಕೋಡಿಯ ನೆತ್ತಿಯ ಮೇಲಿನ ಈ ತೆಳು ಪದರದಲ್ಲೇ ನೆರೆಯ ದೊಡ್ಡ ಪಾಲು ಕೆಲವು ಗಂಟೆ ಕೂತಿರುತ್ತದೆ.

ಲೆಕ್ಕದ ಬುನಾದಿ ಒಂದೇ ಮಾತು: ಒಂದು ಅವಧಿಯಲ್ಲಿ ಬಂದ ನೀರಿನಿಂದ ಹೋದ ನೀರನ್ನು ಕಳೆದರೆ ಉಳಿದದ್ದು ಕೆರೆಯಲ್ಲಿ ಹೆಚ್ಚಿದ ನೀರು. ಅವಧಿಯ ಆರಂಭಕ್ಕೆ 1, ಕೊನೆಗೆ 2 ಎಂದು ಗುರುತು ಹಾಕೋಣ. ಒಳಹರಿವು I, ಹೊರಹರಿವು O, ಕೋಡಿಯ ಮಟ್ಟದಿಂದ ಮೇಲೆ ನಿಂತ ನೀರು S, ಅವಧಿ Δt ಆಗಿರಲಿ. ಒಂದು ಗಂಟೆಯ ಒಳಹರಿವೆಂದರೆ ಆರಂಭದ ಮತ್ತು ಕೊನೆಯ ಹರಿವಿನ ಸರಾಸರಿ ಎಂದು ಹಿಡಿದರೆ ಸಂಗ್ರಹ ಸಮೀಕರಣ ಹೀಗೆ ಬರುತ್ತದೆ:

(I1 + I2)/2 × Δt − (O1 + O2)/2 × Δt = S2 − S1

ನೋಡಲು ಸುಲಭ, ಆದರೆ ಇದರಲ್ಲೊಂದು ತೊಡಕಿದೆ. ಗಂಟೆಯ ಆರಂಭದ ಸ್ಥಿತಿ ಗೊತ್ತು. ಎಷ್ಟು ನೀರು ಬರಲಿದೆ ಎಂಬುದು ಮಳೆಯ ಲೆಕ್ಕದಿಂದ ಗೊತ್ತು. ಆದರೆ ಗಂಟೆಯ ಕೊನೆಗೆ ಕೆರೆಯಲ್ಲಿ ಎಷ್ಟು ಉಳಿದಿರುತ್ತದೆ, ಕೋಡಿಯ ಮೇಲೆ ಎಷ್ಟು ಹರಿಯುತ್ತಿರುತ್ತದೆ, ಈ ಎರಡೂ ಗೊತ್ತಿಲ್ಲ. ಸಮೀಕರಣ ಒಂದು, ಗೊತ್ತಿಲ್ಲದವು ಎರಡು. ಹೊರಹರಿವು ಗೊತ್ತಾಗಲು ಮಟ್ಟ ಬೇಕು, ಮಟ್ಟ ಗೊತ್ತಾಗಲು ಹೊರಹರಿವು ಬೇಕು.

ಈ ಗಂಟನ್ನು ಬಿಡಿಸಿದ ದಾರಿಗೆ ಅಮೆರಿಕದ ಸೇನಾ ಎಂಜಿನಿಯರ್ ಇಲಾಖೆಯ ಎಲ್. ಜಿ. ಪಲ್ಸ್ ಅವರ ಹೆಸರಿದೆ. 1928ರ ಅವರ ವಿಧಾನವನ್ನು ಮುಂದೆ ತಿದ್ದಿ ಬೆಳೆಸಿದ ರೂಪವನ್ನು ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ಅದರ ಜಾಣತನ ಇರುವುದು ಪದಗಳನ್ನು ಜೋಡಿಸಿದ ರೀತಿಯಲ್ಲಿ. ಗೊತ್ತಿರುವುದನ್ನೆಲ್ಲ ಎಡಕ್ಕೂ ಗೊತ್ತಿಲ್ಲದ್ದನ್ನೆಲ್ಲ ಬಲಕ್ಕೂ ತಂದರೆ ಅದೇ ಸಮೀಕರಣ ಹೀಗಾಗುತ್ತದೆ:

(I1 + I2) + (2S1/Δt − O1) = 2S2/Δt + O2

ಬಲಗಡೆಯ ಎರಡೂ ಪದಗಳಿಗೆ ತಾಯಿ ಒಂದೇ, ಕೆರೆಯ ಮಟ್ಟ. ಕೋಡಿಯ ನೆತ್ತಿಯ ಮೇಲೆ ನೀರು ಎಷ್ಟು ಎತ್ತರ ನಿಂತಿದೆ ಎಂದು ತಿಳಿದರೆ ಸಂಗ್ರಹವೂ ಗೊತ್ತಾಗುತ್ತದೆ, ಹೊರಹರಿವೂ ಗೊತ್ತಾಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಪ್ರತಿ ಮಟ್ಟಕ್ಕೂ ಬಲಗಡೆಯ ಮೊತ್ತವನ್ನು ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿಟ್ಟುಕೊಳ್ಳಬಹುದು. ಆಮೇಲೆ ಎಡಗಡೆಯ ಮೊತ್ತ ಬಂದಾಗ ಪಟ್ಟಿಯಲ್ಲಿ ಹುಡುಕಿದರೆ ಸಾಕು.

ಪಟ್ಟಿ ಮಾಡಲು ಒಂದು ಕೆರೆಯನ್ನು ಕಲ್ಪಿಸಿಕೊಳ್ಳೋಣ. ಹರವು 40 ಹೆಕ್ಟೇರ್, ಅಂದರೆ 4,00,000 ಚದರ ಮೀಟರ್. ಕೋಡಿಯ ಉದ್ದ 20 ಮೀಟರ್. ತೂಬು ಮುಚ್ಚಿದೆ. ಅಗಲ ನೆತ್ತಿಯ ಕೋಡಿಯ ಮೇಲೆ ಹರಿಯುವ ನೀರಿಗೆ ಬಳಸುವ ಸೂತ್ರ O = 1.7 × L × H^1.5. ಇಲ್ಲಿ L ಕೋಡಿಯ ಉದ್ದ, H ನೆತ್ತಿಯ ಮೇಲಿನ ನೀರಿನ ಎತ್ತರ, ಎರಡೂ ಮೀಟರಿನಲ್ಲಿ. ನಮ್ಮ ಕೆರೆಗೆ ಇದು 34 × H^1.5 ಆಗುತ್ತದೆ. ಅವಧಿ ಒಂದು ಗಂಟೆ, ಅಂದರೆ 3,600 ಸೆಕೆಂಡ್. ಹರಿವನ್ನೆಲ್ಲ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಎಣಿಸೋಣ. ಪತ್ರಿಕೆಗಳಲ್ಲಿ ಓದುವ ಕ್ಯುಸೆಕ್ಕಿಗೆ ತರಬೇಕಾದರೆ ಅದನ್ನು 35.3ರಿಂದ ಗುಣಿಸಬೇಕು.

| H (ಮೀಟರ್) | O | 2S/Δt | 2S/Δt + O |
|---|---|---|---|
| 0.3 | 5.6 | 66.7 | 72.3 |
| 0.4 | 8.6 | 88.9 | 97.5 |
| 0.5 | 12.0 | 111.1 | 123.1 |
| 0.6 | 15.8 | 133.3 | 149.1 |
| 0.7 | 19.9 | 155.6 | 175.5 |

ಈಗ ಮಳೆ ಜೋರಾಗಿದೆ ಎಂದುಕೊಳ್ಳಿ. ಕೋಡಿಯ ಮೇಲೆ ನೀರು 30 ಸೆಂಟಿಮೀಟರ್ ಇದೆ, ಹೊರಹರಿವು 5.6. ಹಳ್ಳದಿಂದ ಬರುತ್ತಿರುವುದು 30, ಇನ್ನೊಂದು ಗಂಟೆಗೆ ಅದು 50 ಆಗಲಿದೆ. ಎಡಗಡೆಯನ್ನು ಕೂಡಿಸೋಣ. ಎರಡು ಒಳಹರಿವು ಸೇರಿ 80. ಪಟ್ಟಿಯ ಮೊದಲ ಸಾಲಿನ 66.7ರಲ್ಲಿ 5.6 ಕಳೆದರೆ 61.1. ಎರಡೂ ಸೇರಿ 141.1. ಇಷ್ಟೇ ಬಲಗಡೆಯ ಮೊತ್ತವೂ ಆಗಿರಬೇಕು. ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ 141.1 ಇರುವುದು 123.1 ಮತ್ತು 149.1ರ ನಡುವೆ, ಆ 26ರ ಅಂತರದಲ್ಲಿ 18ರಷ್ಟು ಮುಂದೆ, ಅಂದರೆ ಸುಮಾರು ಶೇಕಡಾ 69ರ ಜಾಗದಲ್ಲಿ. ಅದೇ ಪ್ರಮಾಣದಲ್ಲಿ ಎತ್ತರ 0.57 ಮೀಟರ್, ಹೊರಹರಿವು 14.6.

ಒಂದು ಹೆಜ್ಜೆ ಮುಗಿಯಿತು. ಕೆರೆಗೆ 50 ಬರುತ್ತಿರುವ ಕ್ಷಣದಲ್ಲಿ ಕೋಡಿಯಿಂದ ಹೋಗುತ್ತಿರುವುದು 14.6 ಮಾತ್ರ. ಮಿಕ್ಕದ್ದು ನೂರು ಎಕರೆಯ ಮೇಲೆ ಹರಡಿ ಮಟ್ಟವನ್ನು 27 ಸೆಂಟಿಮೀಟರ್ ಏರಿಸಿದೆ.

ಪಟ್ಟಿಯನ್ನು ನಂಬಿ ಸುಮ್ಮನಿರದೆ ತಾಳೆ ನೋಡುವುದು ಒಳ್ಳೆಯದು. ಸರಾಸರಿ 40ರಂತೆ ಒಂದು ಗಂಟೆಯಲ್ಲಿ ಬಂದದ್ದು 1,44,000 ಘನ ಮೀಟರ್. ಸರಾಸರಿ 10.1ರಂತೆ ಹೋದದ್ದು ಸುಮಾರು 36,400. ಉಳಿದ 1,07,600 ಘನ ಮೀಟರನ್ನು ಕೆರೆಯ ಹರವಿನಿಂದ ಭಾಗಿಸಿದರೆ 0.27 ಮೀಟರ್. ಪಟ್ಟಿ ಹೇಳಿದ್ದೂ ಅಷ್ಟೇ. ಇದು ಹೊಂದದಿದ್ದರೆ ಎಲ್ಲೋ ಗಂಟೆಯನ್ನು ಸೆಕೆಂಡಿಗೆ ತಿರುಗಿಸುವಾಗ ಎಡವಿರುತ್ತೇವೆ.

ಮುಂದಿನ ಗಂಟೆಗೆ ಮೊದಲಿನಿಂದ ಶುರು ಮಾಡಬೇಕಿಲ್ಲ. 141.1ರಿಂದ 14.6ನ್ನು ಎರಡು ಸಲ ಕಳೆದರೆ 111.9 ಸಿಗುತ್ತದೆ. ಅದೇ ಹೊಸ ಗಂಟೆಯ 2S1/Δt − O1. ಅದಕ್ಕೆ ಹೊಸ ಒಳಹರಿವುಗಳನ್ನು ಕೂಡಿಸಿ ಮತ್ತೆ ಪಟ್ಟಿಗೆ ಹೋಗಬೇಕು. ಹೀಗೆ ಸಾಗಿದರೆ ಒಂದು ಸಂಗತಿ ಕಾಣುತ್ತದೆ. ಹಳ್ಳದ ನೆರೆ ಇಳಿಯತೊಡಗಿದ ಮೇಲೂ ಕೋಡಿಯ ಹರಿವು ಏರುತ್ತಲೇ ಇರುತ್ತದೆ, ಏಕೆಂದರೆ ಬರುವುದು ಹೋಗುವುದಕ್ಕಿಂತ ಹೆಚ್ಚಿರುವವರೆಗೂ ಮಟ್ಟ ಏರಲೇಬೇಕು. ಇಳಿಯುವ ಒಳಹರಿವು ಏರುವ ಹೊರಹರಿವಿಗೆ ಸಮವಾದ ಕ್ಷಣದಲ್ಲಿ ಕೆರೆ ತನ್ನ ಅತಿ ಎತ್ತರದ ಮಟ್ಟ ಮುಟ್ಟುತ್ತದೆ. ಬಾಗಿಲಿಲ್ಲದ ಕೋಡಿಯ ಲೆಕ್ಕದಲ್ಲಿ ಇದು ಬೇರೆ ಕಡೆ ಬಿದ್ದಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಏರಿಯ ಮೇಲೆ ಕಾವಲಿರುವವರು ಮಳೆ ನಿಂತಿತು, ಹಳ್ಳ ಇಳಿಯಿತು ಎಂದು ಮನೆಗೆ ಹೊರಡಬಾರದು ಎನ್ನುವುದಕ್ಕೂ ಕಾರಣ ಇದೇ.

ಈಗ ಪಟ್ಟಿಯಲ್ಲಿ ಒಂದೇ ಸಂಖ್ಯೆ ಬದಲಿಸೋಣ. ಅಂಗಳದ ಒತ್ತುವರಿಯಿಂದ ಕೆರೆಯ ಹರವು 20 ಹೆಕ್ಟೇರಿಗೆ ಇಳಿದಿದೆ. ಕೋಡಿ ಅದೇ, ಮಳೆ ಅದೇ, ಆರಂಭದ ಮಟ್ಟವೂ ಅದೇ. ಈಗ ಎಡಗಡೆಯ ಮೊತ್ತ 107.7 ಆಗುತ್ತದೆ, ಹೊಸ ಪಟ್ಟಿಯಲ್ಲಿ ಅದಕ್ಕೆ ಸಿಗುವ ಎತ್ತರ 0.76 ಮೀಟರ್, ಹೊರಹರಿವು 22.8. ಕೆಳಗಿನ ಊರಿಗೆ ಒಂದೇ ಗಂಟೆಯಲ್ಲಿ 14.6ರ ಬದಲು 22.8 ತಲುಪುತ್ತದೆ, ಏರಿಯ ನೆತ್ತಿಗೆ ನೀರು ಇನ್ನೂ ಒಂದು ಗೇಣು ಹತ್ತಿರ ಬರುತ್ತದೆ. ಹೂಳೆತ್ತಿದರೆ ಇದು ಸರಿಹೋಗುವುದಿಲ್ಲ. ಹೂಳು ತುಂಬುವುದು ಕೋಡಿಯ ಮಟ್ಟದ ಕೆಳಗೆ. ಅದನ್ನು ತೆಗೆದರೆ ಬೇಸಿಗೆಗೆ ನೀರು ಹೆಚ್ಚು ಉಳಿಯುತ್ತದೆ, ಅಂತರ್ಜಲಕ್ಕೂ ಒಳ್ಳೆಯದು. ಆದರೆ ತುಂಬಿದ ಕೆರೆಗೆ ನೆರೆ ಬಂದಾಗ ಕೆಲಸಕ್ಕೆ ಬರುವುದು ಕೋಡಿಯ ಮೇಲಿನ ಪದರ, ಆ ಪದರದ ಗಾತ್ರವನ್ನು ನಿರ್ಧರಿಸುವುದು ಹರವು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಅಂಚಿನ ಜಾಗ ಖಾಲಿ ಜಾಗವಲ್ಲ ಎಂದು ಹೇಳಲು ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಲೆಕ್ಕ ಸರಿಯಿದ್ದೂ ಉತ್ತರ ಸುಳ್ಳಾಗುವ ಸಂದರ್ಭಗಳಿವೆ. ಮೊದಲನೆಯದು ಅವಧಿಯ ಆಯ್ಕೆ. ಸಣ್ಣ ಕೆರೆಯ ನೆರೆ ಎರಡು ಮೂರು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಆರು ಗಂಟೆಯ ಹೆಜ್ಜೆ ಇಟ್ಟರೆ ಆ ತುದಿ ಎರಡು ಹೆಜ್ಜೆಗಳ ನಡುವೆ ಕಾಣೆಯಾಗುತ್ತದೆ. ನಮ್ಮ ಕೆರೆಯಲ್ಲೇ ಆರು ಗಂಟೆಯ ಹೆಜ್ಜೆ ಇಟ್ಟು, ಮಟ್ಟ 1.2 ಮೀಟರ್ ಮುಟ್ಟಿದರೆ 2S1/Δt − O1 ಸೊನ್ನೆಗಿಂತ ಕೆಳಗಿಳಿಯುತ್ತದೆ. ಹೀಗೆ ಋಣ ಸಂಖ್ಯೆ ಬಂದರೆ ಹೆಜ್ಜೆ ತೀರಾ ದೊಡ್ಡದಾಯಿತೆಂದು ತಿಳಿದು ಚಿಕ್ಕದು ಮಾಡಬೇಕು.

ಎರಡನೆಯದು ಇನ್ನೂ ಗಂಭೀರ. 34 × H^1.5 ಎಂಬ ಸೂತ್ರ ಕೋಡಿಯಿಂದ ನೀರು ಅಡ್ಡಿಯಿಲ್ಲದೆ ಧುಮುಕುತ್ತದೆ ಎಂದು ನಂಬಿ ಬರೆದದ್ದು. ಕೋಡಿ 20 ಮೀಟರ್ ಇದ್ದು, ಅದರ ಕೆಳಗಿನ ಕಾಲುವೆ ಒತ್ತುವರಿಯಾಗಿ ಒಂದು ಸಣ್ಣ ಮೋರಿಯ ಅಗಲಕ್ಕೆ ಬಂದಿದ್ದರೆ ನೀರು ಕೆಳಗೆ ಕಟ್ಟಿಕೊಂಡು ಕೋಡಿಯನ್ನೇ ಮುಳುಗಿಸುತ್ತದೆ. ಆಗ ಪಟ್ಟಿ ಹೇಳಿದ್ದಕ್ಕಿಂತ ಕಡಿಮೆ ನೀರು ಹೊರಹೋಗುತ್ತದೆ, ಮಟ್ಟ ಹೆಚ್ಚು ಏರುತ್ತದೆ. ಇದನ್ನು ಕಣ್ಣಲ್ಲೇ ಗುರುತಿಸಬಹುದು: ನೆರೆಯ ಹೊತ್ತಿನಲ್ಲಿ ಕೋಡಿಯ ಎರಡೂ ಬದಿ ನೀರು ಸಮನಾಗಿ ನಿಂತಿದ್ದರೆ, ಬೀಳುವ ಸದ್ದೇ ಇಲ್ಲದಿದ್ದರೆ, ಪಟ್ಟಿಯನ್ನು ಬದಿಗಿಡಬೇಕು. ಹೆಚ್ಚು ನೀರು ಉಳಿಯಲಿ ಎಂದು ಕೋಡಿಯ ಮೇಲೆ ಮರಳು ಚೀಲ ಜೋಡಿಸಿದಾಗಲೂ ಹಾಗೆಯೇ. 30 ಸೆಂಟಿಮೀಟರ್ ಚೀಲವೆಂದರೆ ಅದೇ ಹರಿವಿಗೆ ನೀರು ಏರಿಯ ನೆತ್ತಿಗೆ 30 ಸೆಂಟಿಮೀಟರ್ ಹತ್ತಿರವಾಯಿತು. ಮಣ್ಣಿನ ಏರಿಯ ಮೇಲೆ ನೀರು ಹಾಯ್ದರೆ ಅದು ಕೊರೆದುಕೊಂಡು ಹೋಗುತ್ತದೆ, ತಡೆಯಲು ಸಮಯವಿರುವುದಿಲ್ಲ.

ನಮ್ಮ ಬಯಲುಸೀಮೆಯ ಕೆರೆಗಳು ಒಂಟಿಯಾಗಿಲ್ಲ, ಸರಪಳಿಯಾಗಿವೆ. ಒಂದರ ಕೋಡಿ ನೀರು ಹಳ್ಳ ಸೇರಿ ಇನ್ನೊಂದರ ಅಂಗಳಕ್ಕೆ ಹೋಗುತ್ತದೆ. ಆದ್ದರಿಂದ ಮೇಲಿನ ಕೆರೆಯ 14.6, ನಡುವಿನ ಹೊಲಗಳ ನೀರನ್ನು ಸೇರಿಸಿಕೊಂಡು, ಕೆಳಗಿನ ಕೆರೆಯ ಒಳಹರಿವಾಗುತ್ತದೆ, ಅದಕ್ಕೆ ಅದರದೇ ಪಟ್ಟಿ ಬೇಕು. ಇಡೀ ಸರಪಳಿಯ ಲೆಕ್ಕಕ್ಕೆ ಪ್ರತಿ ಕೆರೆಯಿಂದ ಬೇಕಾಗುವುದು ಮೂರೇ ಅಳತೆ: ಕೋಡಿ ಮಟ್ಟದಲ್ಲಿ ಮತ್ತು ಅದಕ್ಕೆ ಒಂದು ಮೀಟರ್ ಮೇಲೆ ಕೆರೆಯ ಹರವು, ಕೋಡಿಯ ಉದ್ದ, ಕೋಡಿಯ ನೆತ್ತಿಯಿಂದ ಏರಿಯ ನೆತ್ತಿಗಿರುವ ಅಂತರ. ಹರವನ್ನು ಎರಡು ಮಟ್ಟದಲ್ಲಿ ಕೇಳಿದ್ದು ಏಕೆಂದರೆ ನಿಜವಾದ ಕೆರೆಯ ದಡ ನಮ್ಮ ಪಟ್ಟಿಯಂತೆ ಗೋಡೆಯಲ್ಲ, ಇಳಿಜಾರು. ನೀರು ಏರಿದಂತೆ ಹರವೂ ಹಿಗ್ಗುತ್ತದೆ, 2S/Δt ಕಾಲಮ್ಮಿನಲ್ಲಿ ಸಂಖ್ಯೆಗಳು ಇನ್ನಷ್ಟು ವೇಗವಾಗಿ ಬೆಳೆಯುತ್ತವೆ. ಮಿಕ್ಕ ವಿಧಾನವೆಲ್ಲ ಹಾಗೆಯೇ ಉಳಿಯುತ್ತದೆ.