ಲಗೋರಿ ಚೆಂಡು ಕಲ್ಲುಗಳ ನಡುವೆ ತೂರಿಹೋದದ್ದು ಹೇಗೆ?

ಕಂಪ್ಯೂಟರ್ ಆಟಗಳ ಬಗ್ಗೆ ಮಾತು ಬಂದಾಗ ‘ಈ ಆಟವನ್ನು ಯಾವ ಎಂಜಿನ್‌ನಲ್ಲಿ ಮಾಡಿದ್ದಾರೆ?’ ಎಂಬ ಪ್ರಶ್ನೆ ಸಾಮಾನ್ಯ. ಯೂನಿಟಿ, ಅನ್‌ರಿಯಲ್, ಗೊಡೋ ಎಂಬ ಹೆಸರುಗಳನ್ನು ಮಕ್ಕಳ ಬಾಯಲ್ಲೂ ಕೇಳುತ್ತೇವೆ. ಆದರೆ ಈ ಎಂಜಿನ್ ಒಳಗೆ ಕೂತು ಏನು ಮಾಡುತ್ತದೆ ಎಂದು ಕೇಳಿದರೆ, ಸಾಫ್ಟ್‌ವೇರ್‌ನಲ್ಲೇ ಇರುವ ನನ್ನ ಗೆಳೆಯರಲ್ಲೂ ಹೆಚ್ಚಿನವರು ‘ಗ್ರಾಫಿಕ್ಸ್ ತೋರಿಸುತ್ತೆ’ ಎಂದು ನಿಲ್ಲಿಸಿಬಿಡುತ್ತಾರೆ. ಚಿತ್ರ ತೋರಿಸುವುದು ಅದರ ಕೆಲಸದಲ್ಲಿ ಒಂದು ಭಾಗ ಮಾತ್ರ.

ನಾವು ಆಫೀಸಿನಲ್ಲಿ ಬರೆಯುವ ಪ್ರೋಗ್ರಾಂಗಳು ಬಹುಮಟ್ಟಿಗೆ ಕಾಯುವ ಜಾತಿಯವು. ಯಾರಾದರೂ ಬಟನ್ ಒತ್ತಿದರೆ ಎದ್ದು ಕೆಲಸ ಮಾಡಿ ಮತ್ತೆ ಮಲಗುತ್ತವೆ. ಆಟ ಹಾಗಲ್ಲ. ನೀವು ಏನೂ ಮಾಡದಿದ್ದರೂ ಮೋಡ ಚಲಿಸಬೇಕು, ಶತ್ರು ಓಡಬೇಕು, ಎಸೆದ ಚೆಂಡು ಕೆಳಗೆ ಬೀಳಬೇಕು. ಅದಕ್ಕಾಗಿ ಎಂಜಿನ್ ಒಂದೇ ಸುತ್ತನ್ನು ನಿಲ್ಲದೆ ಸುತ್ತುತ್ತಿರುತ್ತದೆ: ಕೀಲಿ ಅಥವಾ ಬೆರಳು ಒತ್ತಿದೆಯೇ ಎಂದು ನೋಡು, ಪ್ರತಿ ವಸ್ತುವನ್ನೂ ಒಂದಿಷ್ಟು ಮುಂದಕ್ಕೆ ಸರಿಸು, ಯಾವುದು ಯಾವುದಕ್ಕೆ ತಾಗಿತು ಎಂದು ಲೆಕ್ಕ ಹಾಕು, ಶಬ್ದ ಕಳಿಸು, ಚಿತ್ರ ಬಿಡಿಸು, ಮತ್ತೆ ಮೊದಲಿಂದ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಈ ಇಡೀ ಸುತ್ತು ಸುಮಾರು 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪರದೆ ತಡವರಿಸುತ್ತದೆ, ಆಡುವವನಿಗೆ ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಎರಡು ಬಗೆಯ ಕೆಲಸಗಳಿವೆ. ಚಿತ್ರ ಬಿಡಿಸುವುದು, ಡಿಕ್ಕಿಯ ಲೆಕ್ಕ, ಶಬ್ದ ಇವೆಲ್ಲ ಯಾವ ಆಟಕ್ಕಾದರೂ ಒಂದೇ. ವೇಗವಾಗಿ ಆಗಬೇಕು, ಹಾಗಾಗಿ ಎಂಜಿನ್‌ನ ಈ ಭಾಗಗಳನ್ನು ಸಾಮಾನ್ಯವಾಗಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದಿರುತ್ತಾರೆ. ಆದರೆ ‘ಏಳು ಕಲ್ಲು ಬಿದ್ದ ಮೇಲೆ ಯಾರು ಓಡಬೇಕು, ಯಾರು ಹೊಡೆಯಬೇಕು’ ಎಂಬುದು ಆ ಒಂದು ಆಟದ ಕಾನೂನು. ಅದನ್ನು ದಿನಕ್ಕೆ ಇಪ್ಪತ್ತು ಸಲ ಬದಲಿಸಿ ನೋಡಬೇಕಾಗುತ್ತದೆ. ಇದಕ್ಕೆ ಸ್ಕ್ರಿಪ್ಟ್ ಭಾಷೆ. ಯಕ್ಷಗಾನ ನೋಡಿದವರಿಗೆ ಹೀಗೆ ಹೇಳಬಹುದು: ರಂಗಸ್ಥಳ, ದೀಪ, ಚೆಂಡೆ ಮದ್ದಳೆ ಎಲ್ಲ ಮೇಳದ್ದು, ಪ್ರತಿ ರಾತ್ರಿಯೂ ಅವೇ; ಪ್ರಸಂಗ ಮಾತ್ರ ಬೇರೆ ಬೇರೆ.

ಈ ವಿಭಜನೆ ಹೊಸದಲ್ಲ. ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನವರು 1987ರಲ್ಲಿ ‘ಮೇನಿಯಾಕ್ ಮ್ಯಾನ್ಷನ್’ ಮಾಡುವಾಗಲೇ ‘ಸ್ಕಮ್’ ಎಂಬ ತಮ್ಮದೇ ಸ್ಕ್ರಿಪ್ಟ್ ವ್ಯವಸ್ಥೆ ಕಟ್ಟಿಕೊಂಡರು. ಬಾಗಿಲು ತೆರೆದರೆ ಏನಾಗಬೇಕು, ಯಾರು ಯಾವ ಮಾತು ಆಡಬೇಕು ಎಂಬುದೆಲ್ಲ ಸ್ಕ್ರಿಪ್ಟ್‌ನಲ್ಲಿ. ಅದನ್ನು ಓದಿ ನಡೆಸುವ ಯಂತ್ರ ಬೇರೆ. ಮುಂದೆ ‘ಮಂಕಿ ಐಲ್ಯಾಂಡ್’ ಕೂಡ ಇದೇ ವ್ಯವಸ್ಥೆಯ ಮೇಲೆ ಬಂತು. ಇದರ ಲಾಭ ಇಂದಿಗೂ ಕಾಣುತ್ತಿದೆ. ‘ಸ್ಕಮ್‌ವಿಎಂ’ ಎಂಬ ಮುಕ್ತ ತಂತ್ರಾಂಶದವರು ಆ ಯಂತ್ರವನ್ನಷ್ಟೇ ಹೊಸದಾಗಿ ಬರೆದರು. ಆಟದ ಹಳೆಯ ಕಡತಗಳನ್ನು ಹಾಗೇ ಕೊಟ್ಟರೆ ಇಂದಿನ ಫೋನಿನಲ್ಲೂ ಆ ಆಟಗಳು ನಡೆಯುತ್ತವೆ. ಅದೇ ಕಂಪನಿ 1998ರ ‘ಗ್ರಿಮ್ ಫ್ಯಾಂಡ್ಯಾಂಗೋ’ಗೆ ಬರುವ ಹೊತ್ತಿಗೆ ಬ್ರೆಜಿಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ‘ಲುವಾ’ ಭಾಷೆಯನ್ನು ಬಳಸಿತು. ಲುವಾ ಇಂದಿಗೂ ಆಟಗಳ ಲೋಕದಲ್ಲಿ ಗಟ್ಟಿಯಾಗಿ ನಿಂತಿದೆ.

ಇತಿಹಾಸ ಸಾಕು, ಒಂದು ನಿಜವಾದ ಆಟವನ್ನೇ ಬಿಚ್ಚಿ ನೋಡೋಣ. ಪುಣೆಯ ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಕುಟುಂಬವೊಂದಿದೆ. ಅವರ ಮಗಳು ಹನ್ನೆರಡನೇ ತರಗತಿ, ರಜೆಯಲ್ಲಿ ಗೊಡೋ ಎಂಜಿನ್ ಇಳಿಸಿಕೊಂಡು ಲಗೋರಿ ಆಟ ಮಾಡುತ್ತಿದ್ದಳು. (ಮರಾಠಿಯಲ್ಲೂ ಅದು ಲಗೋರಿಯೇ. ಹೈದರಾಬಾದಿನಲ್ಲಿರುವವರಿಗೆ ಏಡು ಪೆಂಕುಲಾಟ, ದೆಹಲಿಯವರಿಗೆ ಪಿಟ್ಟೂ ಎಂದರೆ ಗೊತ್ತಾಗುತ್ತದೆ.) ಗೊಡೋ ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಎಂಜಿನ್. ಅದರ ಒಡಲು ಸಿ ಪ್ಲಸ್ ಪ್ಲಸ್. ಆಟ ಬರೆಯಲು ಜಿಡಿಸ್ಕ್ರಿಪ್ಟ್ ಎಂಬ, ಪೈಥಾನ್ ಹಾಗೆ ಕಾಣುವ ಭಾಷೆ ಇದೆ.

ಅವಳ ಮೊದಲ ದೂರು: ‘ಅಂಕಲ್, ಲ್ಯಾಪ್‌ಟಾಪಿನಲ್ಲಿ ಚೆಂಡು ಸರಿಯಾಗಿ ಹೋಗುತ್ತೆ, ನನ್ನ ಫೋನಿನಲ್ಲಿ ಹುಚ್ಚು ಹಿಡಿದ ಹಾಗೆ ಓಡುತ್ತೆ.’ ನೋಡಿದರೆ, ಪ್ರತಿ ಫ್ರೇಮಿಗೂ ಚೆಂಡನ್ನು 5 ಪಿಕ್ಸೆಲ್ ಸರಿಸು ಎಂದು ಬರೆದಿದ್ದಳು. ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅಂದರೆ ಚೆಂಡಿನ ವೇಗ 300 ಪಿಕ್ಸೆಲ್. ಫೋನಿನದು 120 ಸಲ, ಅಲ್ಲಿ 600. ಸ್ಕ್ರಿಪ್ಟ್ ತಾನಾಗಿ ಓಡುವುದಿಲ್ಲ, ಎಂಜಿನ್ ಕರೆದಾಗ ಮಾತ್ರ ಓಡುತ್ತದೆ. ಎಷ್ಟು ಸಲ ಕರೆಯುತ್ತದೆ ಎಂಬುದು ಆ ಯಂತ್ರಕ್ಕೆ ಬಿಟ್ಟದ್ದು. ಆದ್ದರಿಂದಲೇ ಪ್ರತಿ ಕರೆಯಲ್ಲೂ ಎಂಜಿನ್ `delta` ಎಂಬ ಸಂಖ್ಯೆಯನ್ನು ಕೈಗಿಡುತ್ತದೆ: ಹಿಂದಿನ ಕರೆಯಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಲೆಕ್ಕ. ವೇಗವನ್ನು ಅದರಿಂದ ಗುಣಿಸಿದರೆ ಎರಡೂ ಕಡೆ ಚೆಂಡು ಒಂದೇ ವೇಗದಲ್ಲಿ ಹೋಗುತ್ತದೆ.

```gdscript
extends Area2D
var speed = 300.0

func _physics_process(delta):
    position.x += speed * delta
```

ಹೆಸರು ಗಮನಿಸಿ, `_physics_process`. ಪರದೆ ಎಷ್ಟು ಸಲ ಹೊಸದಾದರೂ ಡಿಕ್ಕಿಯ ಲೆಕ್ಕವನ್ನು ಗೊಡೋ ಬೇರೆಯೇ ತಾಳದಲ್ಲಿ ಮಾಡುತ್ತದೆ. ನೀವು ಬದಲಿಸದಿದ್ದರೆ ಸೆಕೆಂಡಿಗೆ 60 ಸಲ. ಚಲನೆ ಮತ್ತು ಡಿಕ್ಕಿಗೆ ಸಂಬಂಧಿಸಿದ್ದನ್ನು ಈ ತಾಳಕ್ಕೆ ಕಟ್ಟಿಹಾಕುವುದು ಒಳ್ಳೆಯದು.

ಎರಡನೆಯ ದೂರು ಹೆಚ್ಚು ಸ್ವಾರಸ್ಯದ್ದು. ಜೋರಾಗಿ ಎಸೆದರೆ ಚೆಂಡು ಕೆಲವೊಮ್ಮೆ ಕಲ್ಲಿಗೆ ತಾಗದೆ ಆ ಕಡೆ ಹೋಗಿಬಿಡುತ್ತಿತ್ತು. ಕೆಲವೊಮ್ಮೆ ಮಾತ್ರ, ಯಾವಾಗ ಎಂದು ಹೇಳಲಾಗದು. ಇಂಥ ‘ಕೆಲವೊಮ್ಮೆ’ಯೇ ಪ್ರೋಗ್ರಾಮರ್‌ಗಳ ನಿದ್ದೆ ಕೆಡಿಸುವುದು. ಲೆಕ್ಕ ಹಾಕೋಣ. ಜೋರಿನ ಎಸೆತಕ್ಕೆ ಅವಳು ಕೊಟ್ಟ ವೇಗ ಸೆಕೆಂಡಿಗೆ 3000 ಪಿಕ್ಸೆಲ್. 60ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 50 ಪಿಕ್ಸೆಲ್. ಕಲ್ಲಿನ ಅಗಲ 24, ಚೆಂಡಿನ ಅಗಲ 12. ಹಾಗಾದರೆ ಚೆಂಡಿನ ಮಧ್ಯಬಿಂದು 36 ಪಿಕ್ಸೆಲ್‌ನ ಒಂದು ಪಟ್ಟಿಯೊಳಗೆ ಎಲ್ಲಾದರೂ ನಿಂತಾಗ ಮಾತ್ರ ಎರಡೂ ತಾಗಿಕೊಂಡಿರುತ್ತವೆ. ನಮಗೆ ಚೆಂಡು ಓಡಿದಂತೆ ಕಾಣುತ್ತದೆ. ಎಂಜಿನ್‌ನ ಕಣ್ಣಿಗೆ ಅದು ಓಡುತ್ತಿಲ್ಲ, 50 ಪಿಕ್ಸೆಲ್‌ಗೊಮ್ಮೆ ಕುಪ್ಪಳಿಸುತ್ತಿದೆ. ಕುಪ್ಪಳಿಸಿ ನಿಂತ ಜಾಗ ಆ ಪಟ್ಟಿಯೊಳಗೆ ಬಂದರೆ ತಾಗಿತು, ಪಟ್ಟಿಯನ್ನೇ ದಾಟಿದರೆ ಇಲ್ಲ. 50ರಲ್ಲಿ 36, ಅಂದರೆ ನೂರಕ್ಕೆ 72 ಸಲ ತಾಗುತ್ತದೆ, ಉಳಿದ 28 ಸಲ ತೂರಿಹೋಗುತ್ತದೆ. ಎಸೆಯುವ ಜಾಗ ಕೂದಲೆಳೆಯಷ್ಟು ಬದಲಾದರೂ ಫಲ ಬದಲು.

ಪತ್ತೆ ಹಚ್ಚುವ ಬಗೆಯೂ ಇದೇ ಲೆಕ್ಕದಲ್ಲಿದೆ. ವೇಗವನ್ನು 2000ಕ್ಕೆ ಇಳಿಸಿದರೆ ಹೆಜ್ಜೆ ಸುಮಾರು 33 ಪಿಕ್ಸೆಲ್, 36ಕ್ಕಿಂತ ಕಡಿಮೆ. ತೊಂದರೆ ಪೂರ್ತಿ ಮಾಯ. ವೇಗ ಇಳಿಸಿದಾಗ ಹೋಗಿ, ಏರಿಸಿದಾಗ ಹೆಚ್ಚುವ ತೊಂದರೆಯಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆಟ ತಯಾರಕರು ಇದಕ್ಕೆ ‘ಟನೆಲಿಂಗ್’ ಎನ್ನುತ್ತಾರೆ, ಸುರಂಗ ಕೊರೆದು ಹೋದ ಹಾಗೆ.

ಹೆಜ್ಜೆಗಳನ್ನು ಸೆಕೆಂಡಿಗೆ 120 ಮಾಡಿದರೂ ಪರಿಹಾರವೇ, ಆದರೆ ಆಗ ಆಟದ ಪ್ರತಿ ವಸ್ತುವಿನ ಲೆಕ್ಕವೂ ದುಪ್ಪಟ್ಟು. ಒಂದು ಚೆಂಡಿಗಾಗಿ ಅಷ್ಟು ದಂಡ ತೆರುವುದು ನನಗೆ ಸರಿಕಾಣಲಿಲ್ಲ. ಇನ್ನೊಂದು ದಾರಿ, ಚೆಂಡು ನಿಂತ ಜಾಗವನ್ನಷ್ಟೇ ನೋಡದೆ ಹಿಂದಿನ ಜಾಗದಿಂದ ಮುಂದಿನ ಜಾಗದವರೆಗಿನ ಇಡೀ ದಾರಿಯನ್ನು ಪರೀಕ್ಷಿಸುವುದು. ಚೆಂಡಿನ ಬಗೆಯನ್ನು ಬದಲಿಸಿ, ಕಲ್ಲುಗಳನ್ನೂ ಡಿಕ್ಕಿ ಹೊಡೆಯಬಲ್ಲ ಘನವಸ್ತುಗಳನ್ನಾಗಿ ಮಾಡಿ, ಹೀಗೆ ಬರೆದೆವು:

```gdscript
extends CharacterBody2D
signal stack_hit
var speed = 3000.0

func _physics_process(delta):
    var hit = move_and_collide(Vector2(speed * delta, 0))
    if hit and hit.get_collider().is_in_group("stones"):
        stack_hit.emit()
        set_physics_process(false)
```

ಸ್ಕ್ರಿಪ್ಟ್ ಮತ್ತು ಎಂಜಿನ್ ಕೈಕುಲುಕುವ ಜಾಗ `move_and_collide` ಎಂಬ ಈ ಒಂದು ಕರೆ. ಇದರ ಹಿಂದೆ ಚೆಂಡಿನ ಆಕಾರವನ್ನು ದಾರಿಯುದ್ದಕ್ಕೂ ಎಳೆದು, ಅಡ್ಡ ಬರುವುದನ್ನು ಹುಡುಕಿ, ತಾಗಿದ ಬಿಂದುವಿನಲ್ಲಿ ನಿಲ್ಲಿಸುವ ಗಣಿತವೆಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿ ನಡೆಯುತ್ತದೆ. ಹುಡುಗಿ ಬರೆದದ್ದು ‘ತಾಗಿದ್ದು ಕಲ್ಲಾದರೆ ಸುದ್ದಿ ಹೇಳು’ ಎಂಬ ಆಟದ ಕಾನೂನನ್ನು ಮಾತ್ರ. `stack_hit` ಎಂಬ ಆ ಸುದ್ದಿಯನ್ನು ಇನ್ನೊಂದು ಸ್ಕ್ರಿಪ್ಟ್ ಕೇಳಿಸಿಕೊಂಡು, ಹೊಡೆಯುವ ಸರದಿ ಮುಗಿಸಿ ಜೋಡಿಸುವ ಸರದಿ ಶುರು ಮಾಡುತ್ತದೆ. ವೇಗವನ್ನು 3000 ಬದಲು 2800 ಮಾಡಿ ನೋಡಬೇಕೆಂದರೆ ಒಂದು ಅಂಕಿ ತಿದ್ದಿ ಆಟ ಓಡಿಸಿದರಾಯಿತು. ಅದೇ ಅಂಕಿ ಎಂಜಿನ್‌ನ ಒಡಲಲ್ಲಿದ್ದಿದ್ದರೆ ಎಂಜಿನನ್ನೇ ಮತ್ತೆ ಕಟ್ಟಬೇಕಿತ್ತು, ಅಷ್ಟರಲ್ಲಿ ಚಹಾ ಕುಡಿದು ಬರಬಹುದು.

ಹಾಗಂತ ಎಲ್ಲವನ್ನೂ ಸ್ಕ್ರಿಪ್ಟ್‌ನಲ್ಲಿ ಬರೆಯಲು ಹೊರಟರೆ ಪೆಟ್ಟು ತಿನ್ನುತ್ತೇವೆ. ಜಿಡಿಸ್ಕ್ರಿಪ್ಟ್, ಲುವಾದಂಥ ಭಾಷೆಗಳು ಒಂದೊಂದು ಆದೇಶವನ್ನೂ ಅರ್ಥಮಾಡಿಕೊಳ್ಳುತ್ತ ನಡೆಯುವುದರಿಂದ ಸಿ ಪ್ಲಸ್ ಪ್ಲಸ್‌ಗಿಂತ ಬಹಳ ನಿಧಾನ. ಮೈದಾನದಲ್ಲಿ 200 ವಸ್ತುಗಳಿದ್ದು, ಯಾವುದು ಯಾವುದಕ್ಕೆ ತಾಗಿತೆಂದು ನಾವೇ ಸ್ಕ್ರಿಪ್ಟ್‌ನಲ್ಲಿ ಜೋಡಿ ಜೋಡಿಯಾಗಿ ನೋಡಿದರೆ 19,900 ಜೋಡಿ. ಸೆಕೆಂಡಿಗೆ 60 ಸಲವೆಂದರೆ ಹನ್ನೆರಡು ಲಕ್ಷದ ಹತ್ತಿರ. ಎಂಜಿನ್ ಮೊದಲು ದೂರದಲ್ಲಿರುವವನ್ನು ಗುಂಪಾಗಿ ಬದಿಗಿಟ್ಟು, ಅಕ್ಕಪಕ್ಕದವನ್ನಷ್ಟೇ ಸೂಕ್ಷ್ಮವಾಗಿ ನೋಡುತ್ತದೆ. ನಿಧಾನವಾಗಿರುವುದು ಸ್ಕ್ರಿಪ್ಟೋ ಡಿಕ್ಕಿಯ ಲೆಕ್ಕವೋ ಎಂಬ ಅನುಮಾನವಿದ್ದರೆ ಗೊಡೋದ ಪ್ರೊಫೈಲರ್ ತೆರೆದು ನೋಡಿ. ಯಾವ ಫಂಕ್ಷನ್ ಎಷ್ಟು ಮಿಲಿಸೆಕೆಂಡು ತಿಂದಿತೆಂದು ಅಲ್ಲಿ ಕಾಣುತ್ತದೆ, ಊಹಿಸಿ ತಿದ್ದುವ ಶ್ರಮ ಉಳಿಯುತ್ತದೆ.

ಕಲ್ಲುಗಳ ವಿಷಯ ಇನ್ನೂ ಬಾಕಿ ಇತ್ತು. ಏಳು ಕಲ್ಲನ್ನು ಒಂದರ ಮೇಲೊಂದು ಇಟ್ಟು ಭೌತಶಾಸ್ತ್ರದ ಲೆಕ್ಕಕ್ಕೆ ಬಿಟ್ಟರೆ, ಯಾರೂ ಮುಟ್ಟದೆಯೂ ಅವು ಸಣ್ಣಗೆ ನಡುಗುತ್ತ ಕೊನೆಗೆ ಒಂದು ಬದಿಗೆ ಜಾರುತ್ತಿದ್ದವು. ಎಂಜಿನ್ ಪ್ರತಿ ಹೆಜ್ಜೆಯಲ್ಲೂ ಕಲ್ಲುಗಳು ಒಂದರೊಳಗೊಂದು ಕಿಂಚಿತ್ ಇಳಿದದ್ದನ್ನು ಹೊರದಬ್ಬಿ ಸರಿಪಡಿಸುತ್ತಿರುತ್ತದೆ. ಎತ್ತರದ ಪೇರಿಕೆಯಲ್ಲಿ ಆ ಚಿಕ್ಕ ತಿದ್ದುಪಡಿಗಳು ಕೂಡಿಕೊಂಡು ನಡುಕವಾಗುತ್ತವೆ. ಇಲ್ಲಿ ಹುಡುಗಿಯೇ ಉಪಾಯ ಹುಡುಕಿದಳು. ಚೆಂಡು ತಾಗುವವರೆಗೆ ಪ್ರತಿ ಕಲ್ಲಿನ `freeze` ಅನ್ನು `true` ಇಟ್ಟು, `stack_hit` ಸುದ್ದಿ ಬಂದೊಡನೆ ಅದನ್ನು `false` ಮಾಡಿ, ಚೆಂಡು ಬಂದ ದಿಕ್ಕಿಗೆ ಕಲ್ಲುಗಳಿಗೆ `apply_impulse` ಮೂಲಕ ಒಂದೊಂದು ಗುದ್ದು ಕೊಟ್ಟಳು. ಆ ಗುದ್ದು ಬೇಕೇ ಬೇಕು, ಏಕೆಂದರೆ `move_and_collide` ಚೆಂಡನ್ನು ನಿಲ್ಲಿಸುತ್ತದೆಯೇ ಹೊರತು ಎದುರಿನ ವಸ್ತುವನ್ನು ತಳ್ಳುವುದಿಲ್ಲ. ಮೇಲಿನ ಕಲ್ಲಿಗೆ ಹೆಚ್ಚು, ಕೆಳಗಿನದಕ್ಕೆ ಕಡಿಮೆ ಎಂದು ಅಂಕಿ ತಿದ್ದುತ್ತ ಕೂತವಳು, ರಾತ್ರಿ ಊಟದ ಹೊತ್ತಿಗೆ ಕಲ್ಲುಗಳು ಅಂಗಳದಲ್ಲಿ ಚೆಲ್ಲಾಪಿಲ್ಲಿಯಾಗುವ ರೀತಿ ತನಗೆ ಒಪ್ಪಿಗೆಯಾಯಿತೆಂದು ವಿಡಿಯೋ ಕಳಿಸಿದಳು.